ಆ್ಯಪ್ ಏಳು ಅಂದಿತ್ತು, ಪರೀಕ್ಷೆ ಆರು ಕೊಟ್ಟಿತು

ಚಿಕ್ಕಮ್ಮನ ಮಗಳು ಮಂಗಳೂರಿನಲ್ಲಿ ನರ್ಸ್. ಇಂಗ್ಲೆಂಡಿಗೆ ಕೆಲಸಕ್ಕೆ ಹೋಗಬೇಕು ಅಂತ ಎರಡು ವರ್ಷದಿಂದ ಓಡಾಡುತ್ತಿದ್ದಳು. ಅಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸಿಕೊಳ್ಳಲು ಇರುವ ದಾರಿಗಳಲ್ಲಿ ಒಂದು ಐಇಎಲ್‌ಟಿಎಸ್ ಪರೀಕ್ಷೆ. ಓದು, ಕೇಳು, ಮಾತು ಈ ಮೂರರಲ್ಲಿ 7 ಬ್ಯಾಂಡ್ ಬೇಕು, ಬರವಣಿಗೆಯಲ್ಲಿ 6.5 ಸಾಕು. ಅವಳಿಗೆ ಮೊದಲ ಮೂರರ ಚಿಂತೆ ಇರಲಿಲ್ಲ. ಬರವಣಿಗೆಗೆ ಅಂತ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದಳು. ಪ್ರಬಂಧ ಟೈಪ್ ಮಾಡಿ ಕಳಿಸಿದರೆ ಅರ್ಧ ನಿಮಿಷದಲ್ಲಿ ಬ್ಯಾಂಡ್ ಹೇಳುತ್ತದೆ. ಪರೀಕ್ಷೆಗೆ ಮುಂಚಿನ ಹದಿನೈದು ದಿನ ಅದು ಬಹುತೇಕ ಪ್ರತಿ ಸಲವೂ 7 ಅಂತಲೇ ಹೇಳಿತ್ತು.

ಫಲಿತಾಂಶ ಬಂದಾಗ ಬರವಣಿಗೆಯಲ್ಲಿ 6. ಹದಿನಾರು ಸಾವಿರ ದಾಟಿದ ಪರೀಕ್ಷಾ ಶುಲ್ಕ, ಜತೆಗೆ ನಾಲ್ಕು ತಿಂಗಳ ರಾತ್ರಿ ಪಾಳಿಯ ನಡುವಿನ ಓದು, ಎರಡೂ ಹೋಯಿತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. "ಅಣ್ಣ, ನೀನು ಕಂಪ್ಯೂಟರಿನವನಲ್ವಾ, ಹೇಳು. ಸುಳ್ಳು ಹೇಳಿದ್ದು ಆ್ಯಪೋ, ಪರೀಕ್ಷೆಯವರೋ?"

ನನಗೂ ತಕ್ಷಣ ಉತ್ತರ ಗೊತ್ತಿರಲಿಲ್ಲ. ಆದರೆ ಪ್ರಶ್ನೆಯಲ್ಲೇ ಏನೋ ತಪ್ಪಿದೆ ಅನ್ನಿಸಿತು. ಯಾರಾದರೂ ಒಬ್ಬರು ಸುಳ್ಳು ಹೇಳಿರಲೇಬೇಕು ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು. ಆ ಶನಿವಾರ ಬಸ್ಸು ಹತ್ತಿ ಮಂಗಳೂರಿಗೆ ಹೋದೆ.

ಮೊದಲು ಈ ಯಂತ್ರಗಳು ಅಂಕ ಕೊಡುವುದು ಹೇಗೆ ಅಂತ ನೋಡೋಣ. ಇದು ಹೊಸ ಕಥೆಯಲ್ಲ. ಎಲಿಸ್ ಪೇಜ್ ಎಂಬ ಅಮೆರಿಕದ ಶಿಕ್ಷಣತಜ್ಞರು 1966ರಲ್ಲೇ ಕಂಪ್ಯೂಟರಿನಿಂದ ಪ್ರಬಂಧಕ್ಕೆ ಅಂಕ ಕೊಡಿಸುವ ಬಗ್ಗೆ ಬರೆದಿದ್ದರು. ಅವರು ಎರಡು ವಿಚಿತ್ರ ಪದಗಳನ್ನು ಹುಟ್ಟುಹಾಕಿದರು, ಟ್ರಿನ್ ಮತ್ತು ಪ್ರಾಕ್ಸ್. ಟ್ರಿನ್ ಅಂದರೆ ನಾವು ನಿಜವಾಗಿ ಅಳೆಯಬೇಕೆಂದಿರುವ ಗುಣ. ವಾದದ ಗಟ್ಟಿತನ, ವಿಚಾರದ ಸ್ಪಷ್ಟತೆ, ಓಘ ಇಂಥವು. ಇವನ್ನು ಯಂತ್ರ ನೇರವಾಗಿ ಅಳೆಯಲಾರದು. ಹಾಗಾಗಿ ಅದರ ಜಾಗದಲ್ಲಿ ಎಣಿಸಲು ಬರುವಂಥ ಒಂದು ಪ್ರತಿನಿಧಿಯನ್ನು ಹಿಡಿಯಬೇಕು. ಅದೇ ಪ್ರಾಕ್ಸ್. ಬರೆಯುವ ಓಘಕ್ಕೆ ಒಟ್ಟು ಪದಗಳ ಸಂಖ್ಯೆ ಪ್ರತಿನಿಧಿ, ಪದಸಂಪತ್ತಿಗೆ ಅಪರೂಪದ ಪದಗಳ ಪ್ರಮಾಣ ಪ್ರತಿನಿಧಿ, ಹೀಗೆ.

ಆಮೇಲಿನ ಅರವತ್ತು ವರ್ಷದಲ್ಲಿ ಈ ಪ್ರತಿನಿಧಿಗಳು ಬಹಳ ಜಾಣರಾಗಿವೆ. ಈಗಿನ ಯಂತ್ರಗಳು ಯಾವ ಗುಣವನ್ನು ಎಣಿಸಬೇಕು ಅಂತ ತಾವೇ ಕಂಡುಕೊಳ್ಳುತ್ತವೆ. ಆದರೆ ಮೂಲ ವ್ಯವಹಾರ ಅದೇ. ಮನುಷ್ಯರು ಅಂಕ ಕೊಟ್ಟಿರುವ ಸಾವಿರಾರು ಪ್ರಬಂಧಗಳನ್ನು ಯಂತ್ರಕ್ಕೆ ತೋರಿಸುತ್ತಾರೆ. ಎಂಥ ಬರಹಕ್ಕೆ ಎಷ್ಟು ಅಂಕ ಬಿದ್ದಿದೆ ಅನ್ನುವ ಹೊಂದಾಣಿಕೆಯನ್ನು ಅದು ಕಲಿಯುತ್ತದೆ. ನಿಮ್ಮ ಪ್ರಬಂಧ ಬಂದಾಗ, "ಇಂಥ ಚಹರೆಯ ಪ್ರಬಂಧಕ್ಕೆ ಸಾಮಾನ್ಯವಾಗಿ ಇಷ್ಟು ಬೀಳುತ್ತದೆ" ಅಂತ ಊಹಿಸುತ್ತದೆ. ಅದು ಅಂಕ ಕೊಡುತ್ತಿಲ್ಲ, ಮನುಷ್ಯರು ಕೊಡಬಹುದಾದ ಅಂಕವನ್ನು ಊಹಿಸುತ್ತಿದೆ.

2012ರಲ್ಲಿ ಕ್ಯಾಗಲ್ ಜಾಲತಾಣದಲ್ಲಿ ಇದೇ ವಿಷಯಕ್ಕೆ ಒಂದು ಸ್ಪರ್ಧೆ ನಡೆದಿತ್ತು. ಅಮೆರಿಕದ ಶಾಲಾ ಮಕ್ಕಳ ಪ್ರಬಂಧಗಳು, ಅವಕ್ಕೆ ಶಿಕ್ಷಕರು ಕೊಟ್ಟ ಅಂಕಗಳ ಜತೆಗೆ, ಈಗಲೂ ಸಿಗುತ್ತವೆ. ಒಂದು ಭಾನುವಾರ ಕುತೂಹಲಕ್ಕೆ ಅದನ್ನು ಇಳಿಸಿಕೊಂಡು ಪ್ರಬಂಧದ ಉದ್ದ ಒಂದನ್ನೇ ಕೊಟ್ಟು ಊಹೆ ಮಾಡಿಸಿದೆ. ಅರ್ಥ, ವ್ಯಾಕರಣ, ವಿಷಯ ಯಾವುದೂ ಇಲ್ಲ, ಬರೀ ಪದಗಳ ಎಣಿಕೆ. ಊಹೆ ನಾಚಿಕೆಯಾಗುವಷ್ಟು ಹತ್ತಿರ ಬಂತು. ಚೆನ್ನಾಗಿ ಬರೆಯುವ ಮಕ್ಕಳು ಸಾಮಾನ್ಯವಾಗಿ ಹೆಚ್ಚು ಬರೆಯುತ್ತಾರೆ, ಅಷ್ಟೇ ಕಾರಣ. ಹೆಚ್ಚು ಬರೆದವರೆಲ್ಲ ಚೆನ್ನಾಗಿ ಬರೆದಿರುತ್ತಾರೆ ಅಂತ ಅದರರ್ಥ ಅಲ್ಲ. ಎಡವಟ್ಟು ಶುರುವಾಗುವುದೇ ಅಲ್ಲಿ.

ಮಂಗಳೂರಿಗೆ ಬರೋಣ. ಅಲ್ಲಿ ತಂಗಿಯ ಪಕ್ಕದ ಬೀದಿಯಲ್ಲಿ ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ ಒಬ್ಬರಿದ್ದಾರೆ. ಹಲವು ವರ್ಷದಿಂದ ನರ್ಸ್‌ಗಳಿಗೆ ಈ ಪರೀಕ್ಷೆಗೆ ಪಾಠ ಹೇಳುತ್ತಾರೆ. ಆ್ಯಪ್ 7 ಕೊಟ್ಟಿದ್ದ ಒಂದು ಪ್ರಬಂಧವನ್ನು ಪ್ರಿಂಟ್ ತೆಗೆದು, ಅಂಕ ಹೇಳದೆ ಅವರ ಕೈಗೆ ಕೊಟ್ಟೆವು. ಪ್ರಶ್ನೆ ಹೀಗಿತ್ತು: ಹಲವು ದೇಶಗಳಲ್ಲಿ ಹಳ್ಳಿಯ ಸಣ್ಣ ಆರೋಗ್ಯ ಕೇಂದ್ರಗಳನ್ನು ಮುಚ್ಚಿ ನಗರದಲ್ಲಿ ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದಾರೆ, ಇದರಿಂದ ಆಗುವ ಲಾಭ ನಷ್ಟಕ್ಕಿಂತ ಹೆಚ್ಚೇ?

ಈ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ನಾಲ್ಕು ಮಾನದಂಡ, ನಾಲ್ಕಕ್ಕೂ ಸಮಾನ ತೂಕ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ ಅನ್ನುವುದು ಒಂದು. ವಿಚಾರಗಳ ಜೋಡಣೆ ಎರಡನೆಯದು. ಪದಬಳಕೆ, ವ್ಯಾಕರಣ ಉಳಿದೆರಡು. ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದರು. ಮೊದಲನೆಯದಕ್ಕೆ 5, ಜೋಡಣೆಗೆ 6, ಪದಕ್ಕೆ 7, ವ್ಯಾಕರಣಕ್ಕೆ 6 ಹಾಕಿದರು. ಕೂಡಿಸಿದರೆ 24, ಸರಾಸರಿ 6.

"ಇಂಗ್ಲಿಷ್ ಒಳ್ಳೆದುಂಟು. ಆದ್ರೆ ಕೇಳಿದ್ದು ಯಾವುದು ಹೆಚ್ಚು ಹೇಳಿ. ಇವಳು ಲಾಭ ಎರಡು ಬರೆದಳು, ನಷ್ಟ ಎರಡು ಬರೆದಳು, ಕೊನೆಗೆ ಎರಡೂ ಮುಖ್ಯ ಅಂದಳು. ಹಾಗಾದ್ರೆ ಉತ್ತರ ಎಲ್ಲುಂಟು ಮಾರಾಯ್ರೆ?" ಅಂದರು.

ಅದೇ ಪ್ರಬಂಧಕ್ಕೆ ಆ್ಯಪ್ ಕೊಟ್ಟಿದ್ದ ವಿವರ ತೆಗೆದು ನೋಡಿದೆ. ನಾಲ್ಕಕ್ಕೂ 7, 7, 7, 7. ತಂಗಿಯ ಹಳೆಯ ಪ್ರಬಂಧಗಳನ್ನೆಲ್ಲ ತಿರುವಿದೆ. 6.5 ಬಂದ ಕಡೆ ಎರಡು 6, ಎರಡು 7. ಒಂದೂ ಪ್ರಬಂಧದಲ್ಲಿ ನಾಲ್ಕು ಅಂಕಗಳ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಇರಲಿಲ್ಲ. ಮೇಡಂ ಕೊಟ್ಟದ್ದರಲ್ಲಿ 5ರಿಂದ 7ರವರೆಗೆ ಏರಿಳಿತ ಇತ್ತು. ಮನುಷ್ಯನ ಬರವಣಿಗೆಯಲ್ಲಿ ಅದು ಸಹಜ, ಪದ ಚೆನ್ನಾಗಿದ್ದು ವಾದ ಸೊರಗಿರಬಹುದು. ನಾಲ್ಕೂ ಅಂಕಗಳು ಯಾವಾಗಲೂ ಕೈಕೈ ಹಿಡಿದುಕೊಂಡೇ ಏರುತ್ತ ಇಳಿಯುತ್ತ ಇದ್ದರೆ ನನಗೆ ಬರುವ ಅನುಮಾನ ಒಂದೇ. ಯಂತ್ರ ಒಟ್ಟಾರೆ ಒಂದು ಸಂಖ್ಯೆಯನ್ನು ಊಹಿಸಿ, ಆಮೇಲೆ ಅದನ್ನು ನಾಲ್ಕು ತಟ್ಟೆಗೆ ಬಡಿಸುತ್ತಿದೆ.

ಅನುಮಾನ ಪರೀಕ್ಷಿಸಲು ಮೂರು ಸಣ್ಣ ಕಿತಾಪತಿ ಮಾಡಿದೆವು. ಇದನ್ನು ನೀವೂ ಮಾಡಬಹುದು, ಹತ್ತು ನಿಮಿಷದ ಕೆಲಸ.

ಮೊದಲು ಅದೇ ಪ್ರಬಂಧವನ್ನು ಅಕ್ಷರವೂ ಬದಲಿಸದೆ ಮತ್ತೆ ಕಳಿಸಿದೆವು. ಈ ಸಲ 6.5 ಅಂತು. ಇನ್ನೊಮ್ಮೆ ಕಳಿಸಿದರೆ 7. ಈಗಿನ ಆ್ಯಪ್‌ಗಳ ಹಿಂದೆ ಇರುವ ಭಾಷಾ ಮಾದರಿಗಳ ಉತ್ತರದಲ್ಲಿ ಸ್ವಲ್ಪ ಪಗಡೆಯಾಟ ಸೇರಿರುತ್ತದೆ, ಒಂದೇ ಪ್ರಶ್ನೆಗೆ ಎರಡು ಸಲ ಒಂದೇ ಉತ್ತರ ಬರಬೇಕೆಂದಿಲ್ಲ. ಅಂದರೆ ತಂಗಿ ನೆಚ್ಚಿಕೊಂಡಿದ್ದ 7ರೊಳಗೆ ಅರ್ಧ ಬ್ಯಾಂಡಿನ ಜೋಲಿ ಮೊದಲೇ ಇತ್ತು.

ಎರಡನೆಯದಾಗಿ, ಪ್ರಬಂಧ ಹಾಗೇ ಇಟ್ಟು ಮೇಲಿನ ಪ್ರಶ್ನೆಯನ್ನು ಮಾತ್ರ ಬದಲಿಸಿದೆವು. ಆಸ್ಪತ್ರೆಯ ಪ್ರಬಂಧದ ಮೇಲೆ, ವೈದ್ಯರು ಹಳ್ಳಿಯಲ್ಲಿ ಕೆಲಸ ಮಾಡುವುದನ್ನು ಕಡ್ಡಾಯ ಮಾಡಬೇಕೇ ಅನ್ನುವ ಪ್ರಶ್ನೆ ಇಟ್ಟೆವು. ಪದಗಳು ಅವೇ ಅವೇ ಬರುತ್ತವೆ, ಆದರೆ ಉತ್ತರ ಪೂರ್ತಿ ಬೇರೆ ಇರಬೇಕು. ಆ್ಯಪ್ 6.5 ಕೊಟ್ಟಿತು. ಮೇಡಂ ಹತ್ತಿರ ಕೊಟ್ಟಿದ್ದರೆ ಕಾಗದ ಮುಖಕ್ಕೆ ವಾಪಸ್ ಬರುತ್ತಿತ್ತು.

ಮೂರನೆಯದು, ಸರಳ ಪದಗಳನ್ನು ತೆಗೆದು ಡಿಕ್ಷನರಿಯಿಂದ ಭಾರದ ಪದ ತುರುಕಿದೆವು. ಅಂಕ 7.5ಕ್ಕೆ ಏರಿತು. ಮೇಡಂ ಅದನ್ನು ಓದಿ ನಕ್ಕರು, ಪದಕ್ಕೆ ಮೊದಲು ಕೊಟ್ಟಿದ್ದ 7ನ್ನು 6ಕ್ಕೆ ಇಳಿಸಿದರು. ಜಾಗ ಅರಿತು ಬಳಸದ ಪದಕ್ಕೆ ಮನುಷ್ಯ ಮೌಲ್ಯಮಾಪಕರು ಅಂಕ ಕಳೆಯುತ್ತಾರೆ. ಈ ಆಟವನ್ನು ದೊಡ್ಡದಾಗಿ ಆಡಿ ತೋರಿಸಿದವರು ಅಮೆರಿಕದ ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್. 2014ರಲ್ಲಿ ಅವರು ವಿದ್ಯಾರ್ಥಿಗಳ ಜತೆ ಸೇರಿ ಬೇಬಲ್ ಅನ್ನುವ ಪ್ರೋಗ್ರಾಂ ಮಾಡಿದರು. ಅದು ಹೊರಗೆ ತುಂಬ ಗಂಭೀರವಾಗಿ ಕಾಣುವ, ಒಳಗೆ ಒಂದು ಚೂರೂ ಅರ್ಥವಿಲ್ಲದ ಪ್ರಬಂಧಗಳನ್ನು ಹುಟ್ಟಿಸುತ್ತಿತ್ತು. ಆಗಿನ ಯಂತ್ರಗಳು ಅವಕ್ಕೆ ಒಳ್ಳೊಳ್ಳೆಯ ಅಂಕ ಕೊಟ್ಟವು.

ಇಷ್ಟು ಓದಿ ಯಂತ್ರ ದಡ್ಡ, ಮನುಷ್ಯ ದೊಡ್ಡವ ಅಂದುಕೊಳ್ಳಬೇಡಿ. ಮೂರು ವಾರ ಬಿಟ್ಟು, ಮೊದಲಿನ ಅದೇ ಆಸ್ಪತ್ರೆ ಪ್ರಬಂಧವನ್ನು ಬೇರೆ ಹತ್ತು ಕಾಗದಗಳ ಮಧ್ಯೆ ಸೇರಿಸಿ ಮೇಡಂಗೆ ಕೊಟ್ಟೆವು. ಗುರುತು ಹಿಡಿಯಲಿಲ್ಲ. ಈ ಸಲ 6.5 ಹಾಕಿದರು! ತೋರಿಸಿದಾಗ ಸ್ವಲ್ಪವೂ ಮುಜುಗರ ಪಡಲಿಲ್ಲ. "ಅದು ಹಾಗೆಯೇ. ಹಿಂದಿನ ಪೇಪರ್ ಕೆಟ್ಟದಿದ್ದರೆ ಮುಂದಿನದ್ದು ಚಂದ ಕಾಣ್ತದೆ" ಅಂದರು. ನಾವು ಇಂಜಿನಿಯರಿಂಗ್ ಓದುವಾಗ ಉತ್ತರಪತ್ರಿಕೆಯನ್ನು ಇಬ್ಬರು ನೋಡಿ, ಇಬ್ಬರ ಅಂಕದಲ್ಲಿ ದೊಡ್ಡ ಅಂತರ ಬಂದರೆ ಮೂರನೆಯವರಿಗೆ ಹೋಗುವ ವ್ಯವಸ್ಥೆ ಇತ್ತು. ಇಬ್ಬರು ಒಂದೇ ಅಂಕ ಕೊಡುವುದಿಲ್ಲ ಅಂತ ಒಪ್ಪಿಕೊಂಡೇ ಮಾಡಿದ ವ್ಯವಸ್ಥೆ ಅದು. ಐಇಎಲ್‌ಟಿಎಸ್ ಪರೀಕ್ಷಕರಿಗೆ ಮಾದರಿ ಉತ್ತರಪತ್ರಿಕೆ ಕೊಟ್ಟು ತರಬೇತಿ ಮಾಡಿಸಿ ಅಂತರ ಕಡಿಮೆ ಮಾಡಿರುತ್ತಾರೆ, ಸೊನ್ನೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮನುಷ್ಯರ ತಪ್ಪು ಎರಡೂ ಕಡೆ ಬೀಳುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ತಂಗಿಯ ಆ್ಯಪಿನ ತಪ್ಪು ಒಂದೇ ಕಡೆ ವಾಲಿತ್ತು. ತಕ್ಕಡಿ ಅಲುಗಾಡುವುದು ಬೇರೆ, ತಕ್ಕಡಿಯ ಒಂದು ತಟ್ಟೆಗೆ ಮೊದಲೇ ಕಲ್ಲು ಕಟ್ಟಿರುವುದು ಬೇರೆ. ಅಲುಗಾಟಕ್ಕೆ ನಾಲ್ಕಾರು ಸಲ ತೂಗಿ ಸರಾಸರಿ ತೆಗೆದರೆ ಆಯಿತು. ಕಲ್ಲು ಕಟ್ಟಿದ್ದರೆ ನೂರು ಸಲ ತೂಗಿದರೂ ಅದೇ ತಪ್ಪು ಬರುತ್ತದೆ. ಹದಿನೈದು ದಿನ 7 ಬಂತು ಅನ್ನುವ ಧೈರ್ಯಕ್ಕೆ ಅರ್ಥವಿಲ್ಲದೆ ಹೋದದ್ದು ಇದಕ್ಕೇ.

ಇನ್ನೊಂದು ವಾಲಿಕೆ ಇದೆ, ಅದು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಮೇಡಂ ಬೇರೆ ಇಬ್ಬರು ವಿದ್ಯಾರ್ಥಿಗಳ ಪ್ರಬಂಧ ಕೊಟ್ಟರು. ಒಂದಕ್ಕೆ ಅವರು 4.5 ಹಾಕಿದ್ದರು, ಆ್ಯಪ್ 6 ಅಂತು. ಇನ್ನೊಂದಕ್ಕೆ 8 ಹಾಕಿದ್ದರು, ಆ್ಯಪ್ 7 ಅಂತು. ದುರ್ಬಲರನ್ನು ಮೇಲೆತ್ತಿ, ಜಾಣರನ್ನು ಕೆಳಗೆಳೆದು, ಎಲ್ಲರನ್ನೂ ನಡುವಿಗೆ ತಂದು ಕೂರಿಸುತ್ತದೆ. ಒಟ್ಟಾರೆ ತಪ್ಪನ್ನು ಕಡಿಮೆ ಮಾಡು ಅಂತ ಕಲಿಸಿದ ಯಂತ್ರಗಳಲ್ಲಿ ಇದು ಸಾಮಾನ್ಯ. ಕಲಿತ ಪ್ರಬಂಧಗಳಲ್ಲಿ ಹೆಚ್ಚಿನವು 6ರ ಆಸುಪಾಸಿನವು ಆಗಿದ್ದರೆ, ಅನುಮಾನ ಬಂದಾಗ ನಡುವಿನ ಅಂಕ ಹೇಳುವುದೇ ಅದಕ್ಕೆ ಕ್ಷೇಮ.

ಆ್ಯಪಿನವರ "ಶೇಕಡಾ ಇಷ್ಟು ನಿಖರ" ಅನ್ನುವ ಜಾಹೀರಾತನ್ನೂ ಈ ಬೆಳಕಿನಲ್ಲೇ ಓದಬೇಕು. ನಾನೊಂದು ಪ್ರೋಗ್ರಾಂ ಬರೆಯುತ್ತೇನೆ ಅಂದುಕೊಳ್ಳಿ. ಏನು ಕೊಟ್ಟರೂ ಓದದೆ "6" ಅನ್ನುತ್ತದೆ. ಪರೀಕ್ಷೆಗೆ ಬಂದವರು 5ರಿಂದ 7ರೊಳಗಿನವರಾದರೆ, "ಒಂದು ಬ್ಯಾಂಡ್ ಹೆಚ್ಚು ಕಡಿಮೆ ಲೆಕ್ಕದಲ್ಲಿ ಶೇಕಡಾ 100 ನಿಖರ" ಅಂತ ಸುಳ್ಳಿಲ್ಲದೆ ಬೋರ್ಡ್ ಹಾಕಬಹುದು. ನಿಮಗೆ ಬೇಕಾಗಿರುವುದು ಅರ್ಧ ಬ್ಯಾಂಡಿನ ತೀರ್ಮಾನ. ಒಂದು ಬ್ಯಾಂಡ್ ಹೆಚ್ಚು ಕಡಿಮೆ ಅನ್ನುವ ನಿಖರತೆ ಅಲ್ಲಿ ಕೆಲಸಕ್ಕೆ ಬಾರದು.

ಈಗ ಮುಖ್ಯ ವಿಷಯ. ಆ್ಯಪ್ ಎಸೆದುಬಿಡು ಅಂತ ನಾನು ತಂಗಿಗೆ ಹೇಳಲಿಲ್ಲ. ಗಡಿಯಾರ ಹತ್ತು ನಿಮಿಷ ಮುಂದಿದೆ ಅಂತ ಗೊತ್ತಿದ್ದರೆ ಅದರಲ್ಲೂ ಬಸ್ ಹಿಡಿಯಬಹುದು. ಎಷ್ಟು ಮುಂದಿದೆ ಅನ್ನುವುದು ಗೊತ್ತಾಗಬೇಕು ಅಷ್ಟೇ. ಒಂದು ನೋಟ್‌ಬುಕ್ ತೆಗೆದೆವು. ಐದು ವಾರ, ಹತ್ತು ಪ್ರಬಂಧ. ಪ್ರತಿಯೊಂದಕ್ಕೂ ಆ್ಯಪಿನ ಅಂಕ ಒಂದು ಕಡೆ, ಅದನ್ನು ನೋಡದೆ ಮೇಡಂ ಕೊಟ್ಟ ಅಂಕ ಇನ್ನೊಂದು ಕಡೆ, ಕೊನೆಯಲ್ಲಿ ಎರಡರ ವ್ಯತ್ಯಾಸ. ಆ್ಯಪ್ ಎಷ್ಟು ಹೆಚ್ಚು ಕೊಟ್ಟಿದೆ ಅನ್ನುವ ಆ ಹತ್ತು ಸಂಖ್ಯೆಗಳು ಹೀಗೆ ಬಂದವು: 1, 0.5, 1, 0.5, 0, 1, 0.5, 1.5, 0.5, 0.5.

ಕೂಡಿಸಿದರೆ 7, ಸರಾಸರಿ 0.7. ತಟ್ಟೆಗೆ ಕಟ್ಟಿದ ಕಲ್ಲಿನ ತೂಕ ಅದು. ಆದರೆ ಸರಾಸರಿಗಿಂತ ನನಗೆ ಬೇಕಾಗಿದ್ದದ್ದು ಹರವು. ಎಲ್ಲಕ್ಕಿಂತ ಚಿಕ್ಕದು ಸೊನ್ನೆ, ಎಲ್ಲಕ್ಕಿಂತ ದೊಡ್ಡದು 1.5. ಆ ಎರಡನ್ನು ಬದಿಗಿಟ್ಟರೆ ಉಳಿದ ಎಂಟೂ 0.5 ಅಥವಾ 1. ಅಂದರೆ ಆ್ಯಪ್ 7 ಅಂದಾಗ ನಾವು ಓದಬೇಕಾದದ್ದು "6ರಿಂದ 6.5". ಅಪರೂಪಕ್ಕೆ ಅದರ ಆಚೀಚೆ.

ಈ ನೋಟ್‌ಬುಕ್ ನೋಡುತ್ತ ತಂಗಿಗೆ ತಾನಾಗೇ ಅರ್ಥವಾಯಿತು. ಅವಳಿಗೆ ಬೇಕಾದ 6.5 ಆ ವ್ಯಾಪ್ತಿಯ ಮೇಲಿನ ಅಂಚಿನಲ್ಲಿದೆ. ಆ್ಯಪ್ 7 ಕೊಟ್ಟ ಪ್ರಬಂಧ ನಿಜವಾಗಿ 6.5 ಮುಟ್ಟಬೇಕಾದರೆ ವ್ಯತ್ಯಾಸ 0.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹತ್ತರಲ್ಲಿ ಹಾಗಿದ್ದದ್ದು ಆರು. ಅರವತ್ತು ನಲವತ್ತರ ಜೂಜಿಗೆ ಅವಳು ಹದಿನಾರು ಸಾವಿರ ಕಟ್ಟಿದ್ದಳು. ಅದೇ ಆ್ಯಪ್ 7.5 ಕೊಟ್ಟಿದ್ದರೆ ವ್ಯತ್ಯಾಸ 1 ಇದ್ದರೂ ನಡೆಯುತ್ತಿತ್ತು, ಹತ್ತರಲ್ಲಿ ಒಂಬತ್ತು. "ಅಂದ್ರೆ ಆ್ಯಪಿನ ಏಳೂವರೆಯೇ ನನ್ನ ಆರೂವರೆ" ಅಂದಳು. ಬಹುಮಟ್ಟಿಗೆ ಸರಿ.

ಬಹುಮಟ್ಟಿಗೆ ಅಂದದ್ದಕ್ಕೆ ಕಾರಣ ಇದೆ. ಮೇಡಂ ನಿಜವಾದ ಪರೀಕ್ಷಕರಲ್ಲ, ಅವರ ಅಂಕವೂ ಅರ್ಧ ಬ್ಯಾಂಡ್ ಅಲುಗಾಡುತ್ತದೆ ಅಂತ ನಾವೇ ನೋಡಿದ್ದೆವು. ಹಾಗಾಗಿ ನಿಜವಾದ ವ್ಯಾಪ್ತಿ ಇನ್ನೂ ಸ್ವಲ್ಪ ಅಗಲ. ಹತ್ತು ಪ್ರಬಂಧ ಅನ್ನುವುದೂ ಚಿಕ್ಕ ಲೆಕ್ಕ, ಹತ್ತರಲ್ಲಿ ಒಂಬತ್ತು ಅನ್ನುವುದನ್ನು ಕಲ್ಲಿನಲ್ಲಿ ಕೆತ್ತಬಾರದು. ಇದಕ್ಕಿಂತ ದೊಡ್ಡ ಅಪಾಯ ಬೇರೆ. ಆ್ಯಪಿನಲ್ಲಿ 7.5 ತರಿಸಲೇಬೇಕು ಅಂತ ಆ್ಯಪನ್ನು ಮೆಚ್ಚಿಸಲು ಬರೆಯಲು ಶುರು ಮಾಡಿದರೆ, ಭಾರದ ಪದ ತುರುಕಿದರೆ, 0.7ರ ಕಲ್ಲು 1.5 ಆಗಿಬಿಡುತ್ತದೆ. ನೋಟ್‌ಬುಕ್ಕಿನ ಲೆಕ್ಕ ಅಲ್ಲಿಗೆ ರದ್ದು.

ನೋಟ್‌ಬುಕ್ ಇನ್ನೊಂದು ವಿಷಯವನ್ನೂ ಹೊರಹಾಕಿತು. ಬರವಣಿಗೆ ಪರೀಕ್ಷೆ ಅಂದರೆ ಒಂದು ಗಂಟೆಯಲ್ಲಿ ಎರಡು ಬರಹ. ಮೊದಲನೆಯದು ಗ್ರಾಫನ್ನೋ ಕೋಷ್ಟಕವನ್ನೋ ವಿವರಿಸುವ 150 ಪದ, ಎರಡನೆಯದು 250 ಪದದ ಪ್ರಬಂಧ. ಪ್ರಬಂಧದ ತೂಕ ಇನ್ನೊಂದರ ಎರಡರಷ್ಟು. ತಂಗಿ ಆ್ಯಪಿಗೆ ಕಳಿಸುತ್ತಿದ್ದದ್ದು ಪ್ರಬಂಧ ಮಾತ್ರ! ಗ್ರಾಫ್ ಬರಹಕ್ಕೆ ಮೇಡಂ 5.5 ಹಾಕಿದರು. ಪ್ರಬಂಧಕ್ಕೆ 6.5 ಬಂದರೂ, 5.5 ಒಂದು ಪಾಲು, 6.5 ಎರಡು ಪಾಲು ಸೇರಿ ಮೂರರಿಂದ ಭಾಗಿಸಿದರೆ ಸುಮಾರು 6.17. ಅದು 6.5ಕ್ಕಿಂತ 6ಕ್ಕೆ ಹತ್ತಿರ. ಆ್ಯಪಿನ ಊಹೆ ಪೂರ್ತಿ ಸರಿ ಇದ್ದಿದ್ದರೂ ಅದು ಅರ್ಧ ಪ್ರಶ್ನೆಗೆ ಮಾತ್ರ ಉತ್ತರವಾಗಿತ್ತು.

ಮರುಮೌಲ್ಯಮಾಪನಕ್ಕೆ ಹಾಕೋಣವೇ ಅಂತ ಕೇಳಿದ್ದಳು. ನಿಗದಿತ ಅವಧಿಯೊಳಗೆ ಹಾಕಬಹುದು, ಅಂಕ ಬದಲಾದರೆ ಶುಲ್ಕ ವಾಪಸ್. ನಾನು ಬೇಡ ಅಂದೆ. ಪರೀಕ್ಷೆಯ 6ಕ್ಕೂ ಒಂದು ವ್ಯಾಪ್ತಿ ಇದೆ ನಿಜ. ಆದರೆ ನಮ್ಮ ಲೆಕ್ಕದ ವ್ಯಾಪ್ತಿಯ ನಡುವೆಯೇ ಆ 6 ಕೂತಿತ್ತು. ನೋಟ್‌ಬುಕ್ 6.5ರಿಂದ 7 ಅಂತ ಹೇಳುತ್ತಿದ್ದು ಪರೀಕ್ಷೆ 6 ಕೊಟ್ಟಿದ್ದರೆ ಹಾಕು ಅನ್ನುತ್ತಿದ್ದೆ. ಒಂದು ಮಾತು: ಇದೆಲ್ಲ ಮನುಷ್ಯರು ನೋಡುವ ಪರೀಕ್ಷೆಗೆ. ಪಿಟಿಇಯಂಥ ಪರೀಕ್ಷೆಯಲ್ಲಿ ಅಂಕ ಕೊಡುವುದು ಬಹುಪಾಲು ಯಂತ್ರವೇ. ಅಲ್ಲಿಯೂ ನಿಮ್ಮ ಫೋನಿನ ಯಂತ್ರ ಬೇರೆ, ಅವರ ಯಂತ್ರ ಬೇರೆ.

ತಂಗಿ ಮತ್ತೆ ಎರಡೂವರೆ ತಿಂಗಳು ಓದಿದಳು. ಗ್ರಾಫ್ ಬರಹಕ್ಕೆ ದಿನ ಬಿಟ್ಟು ದಿನ ಕೂತಳು. ಪ್ರಬಂಧದ ಮೊದಲ ಪ್ಯಾರಾದಲ್ಲೇ ತನ್ನ ನಿಲುವು ಬರೆದು, ಕೊನೆಯವರೆಗೂ ಅದನ್ನು ಬಿಡದೆ ಹಿಡಿಯುವುದನ್ನು ಮೇಡಂ ರೂಢಿ ಮಾಡಿಸಿದರು. ವ್ಯಾಕರಣದ ತಪ್ಪು ಹುಡುಕಲು ಆ್ಯಪ್ ಬಳಸಿದಳು, ಅದರಲ್ಲಿ ಅದು ಗಟ್ಟಿ. ಪರೀಕ್ಷೆಯ ಹಿಂದಿನ ವಾರ ಎರಡೂ ಬರಹ ಸೇರಿಸಿ ಮೇಡಂ ಹೇಳಿದ್ದು "ಆರೂವರೆಯಿಂದ ಏಳು, ಕೈಕೊಟ್ಟರೆ ಆರು". ಬಂದದ್ದು 6.5.

ಈಗ ಆ ನೋಟ್‌ಬುಕ್ಕನ್ನು ಅವಳ ವಾರ್ಡಿನ ಇನ್ನೊಬ್ಬ ನರ್ಸ್ ಕೇಳುತ್ತಿದ್ದಾರಂತೆ. ಕೊಡು, ಆದರೆ ಕೊನೆಯ ಕಾಲಂ ಹರಿದು ಕೊಡು ಅಂದೆ. 0.7 ಅನ್ನುವುದು ತಂಗಿಯ ಬರವಣಿಗೆಗೆ, ಆ ಆ್ಯಪಿಗೆ, ಆ ತಿಂಗಳಿಗೆ ಸೇರಿದ್ದು. ಆ ನರ್ಸ್ ಚಿಕ್ಕ ಚಿಕ್ಕ ವಾಕ್ಯದಲ್ಲಿ ನೇರವಾಗಿ ವಾದ ಮಾಡುವವರಾದರೆ ಆ್ಯಪ್ ಅವರಿಗೆ ಕಡಿಮೆಯನ್ನೇ ಕೊಡುತ್ತಿರಬಹುದು. ಅವರ ಹತ್ತು ಪ್ರಬಂಧವನ್ನು ಅವರೇ ಬರೆದು ಲೆಕ್ಕ ಹಾಕಬೇಕು.